ಎರಡು ನಿಮಿಷದ ಡೆಮೊ ವಿಡಿಯೋ: ಕೆಂಪು ಗೆರೆಯಿಂದ ಬರೆಯೋಕೆ ಶುರು ಮಾಡ್ರಿ

ಪ್ರಶ್ನೆ: ಸರ್, ನಾವು ಇಬ್ರು ಫ್ರೆಂಡ್ಸ್ ಸೇರಿ ಬಳ್ಳಾರಿ ಜೀನ್ಸ್ ಯೂನಿಟ್‌ಗಳಿಗೆ ಬಂಡಲ್ ಲೆಕ್ಕ ಇಡೋ ಆಪ್ ಮಾಡೀವಿ. ಟ್ಯಾಗ್ ಸ್ಕ್ಯಾನ್ ಮಾಡಿದ್ರೆ ಯಾವ ಮನೆಗೆ ಎಷ್ಟು ಪೀಸ್ ಹೋಗೈತೆ, ಎಷ್ಟು ವಾಪಸ್ ಬಂದೈತೆ ಅಂತ ಗೊತ್ತಾಗ್ತದೆ. ಮುಂದಿನ ತಿಂಗಳು ಬೆಂಗಳೂರಲ್ಲಿ ಇನ್ವೆಸ್ಟರ್ಸ್ ಮುಂದೆ ಪ್ರೆಸೆಂಟೇಶನ್ ಐತೆ, ಅದ್ರಲ್ಲಿ ಎರಡು ನಿಮಿಷದ ಡೆಮೊ ವಿಡಿಯೋ ಇರ್ಲಿ ಅಂದಾರೆ. ಸ್ಕ್ರಿಪ್ಟ್ ಬರ್ದು ಕಳ್ಸೀನಿ, ಆದ್ರೆ ಓದಿದ್ರೆ ನಮಗೇ ಬೋರ್ ಆಗ್ತದೆ. ಎಲ್ಲಿ ತಪ್ಪೈತೆ, ಹೆಂಗೆ ಬರೀಬೇಕು ಹೇಳ್ರಿ.

ಉತ್ತರ:

ಸ್ಕ್ರಿಪ್ಟ್ ಓದಿದೆ. ಭಾಷೆ ಚೆನ್ನಾಗೇ ಐತೆ, ತೊಂದ್ರೆ ಅದ್ರದ್ದಲ್ಲ. ಮೊದಲ 35 ಸೆಕೆಂಡು ದೇಶದ ಗಾರ್ಮೆಂಟ್ ಮಾರ್ಕೆಟ್ ಎಷ್ಟು ದೊಡ್ಡದು ಅಂತ ಹೇಳ್ತೀರಿ, ಆಮೇಲೆ ನೀವಿಬ್ರು ಹೆಂಗೆ ಭೇಟಿ ಆದ್ರಿ, ಆಮೇಲೆ ಲಾಗಿನ್ ಸ್ಕ್ರೀನು, ಒಟಿಪಿ, ಡ್ಯಾಶ್‌ಬೋರ್ಡು, ಸೆಟ್ಟಿಂಗು, ರಿಪೋರ್ಟು. ಬಂಡಲ್ ಅನ್ನೋದು ಕಣ್ಣಿಗೆ ಬೀಳೋ ಹೊತ್ತಿಗೆ ಅರ್ಧ ವಿಡಿಯೋ ಮುಗ್ದಿರ್ತದೆ. ಪೀಸ್ ಕಮ್ಮಿ ಬಂದಿದ್ದನ್ನ ಆಪ್ ಹಿಡಿಯೋದು, ಅಂದ್ರೆ ನಿಮ್ಮ ಪ್ರಾಡಕ್ಟ್‌ನ ಇಡೀ ಜೀವ ಇರೋ ಜಾಗ, ಅದು 1:35ಕ್ಕೆ ಬಂದು ನಾಲ್ಕು ಸೆಕೆಂಡಲ್ಲಿ ಹೋಗ್ಬಿಡ್ತದೆ. ಹನ್ನೊಂದು ಫೀಚರ್ ತೋರ್ಸೀರಿ, ಮದುವೆ ಊಟದಲ್ಲಿ ಎಲ್ಲಾ ಐಟಂ ಒಂದೊಂದು ಚಮಚ ಬಡಿಸಿ ಅನ್ನ ಹಾಕೋದೇ ಮರ್ತಂಗೆ ಆಗೈತೆ.

ಮಾರ್ಕೆಟ್ ಸೈಜು, ಟೀಮು, ಎಷ್ಟು ದುಡ್ಡು ಬೇಕು, ಇವೆಲ್ಲಾ ಸ್ಲೈಡ್‌ನಲ್ಲಿ ಇರ್ತಾವೆ, ನೀವೇ ನಿಂತು ಹೇಳ್ತೀರಿ. ಸ್ಲೈಡ್ ಕೈಲಿ ಆಗದೇ ಇರೋದು ಒಂದೇ, ಈ ಸಾಮಾನು ನಿಜವಾಗ್ಲೂ ಕೆಲಸ ಮಾಡ್ತದೆ ಅಂತ ಕಣ್ಣಿಗೆ ತೋರ್ಸೋದು. ವಿಡಿಯೋ ಅಷ್ಟಕ್ಕೆ ಮಾತ್ರ. ಹಂಗಾಗಿ ಬರೆಯೋಕೆ ಕೂತಾಗ ಮೊದಲನೇ ಸೆಕೆಂಡಿಂದ ಶುರು ಮಾಡಬ್ಯಾಡ್ರಿ. ಆಪ್ ತನ್ನ ಕೆಲಸ ಮಾಡೋ ಒಂದು ಕ್ಷಣ ಯಾವುದು ಅಂತ ಹುಡುಕ್ರಿ, ಅದನ್ನ ಮೊದಲು ಬರೀರಿ, ಅದಕ್ಕೆ ಬೇಕಾದಷ್ಟು ಟೈಮ್ ಕೊಡ್ರಿ, ಆಮೇಲೆ ಅಲ್ಲಿಂದ ಹಿಂದಕ್ಕೆ ಬರ್ರಿ: ಆ ಕ್ಷಣ ನೋಡೋರಿಗೆ ಅರ್ಥ ಆಗ್ಬೇಕಂದ್ರೆ ಅದಕ್ಕೂ ಮುಂಚೆ ಏನೇನು ಗೊತ್ತಿರ್ಬೇಕು? ಅಷ್ಟು ಮಾತ್ರ ಉಳಿಸ್ಕೊಳ್ರಿ, ಮಿಕ್ಕಿದ್ದೆಲ್ಲಾ ತೆಗೀರಿ.

ನಿಮ್ಮ ಆಪ್‌ನಲ್ಲಿ ಆ ಕ್ಷಣ ಸ್ಪಷ್ಟ ಐತೆ. ಒಂದು ಮನೆಯಿಂದ ಬಂಡಲ್ ವಾಪಸ್ ಬರ್ತದೆ, ಟ್ಯಾಗ್ ಸ್ಕ್ಯಾನ್ ಆಗ್ತದೆ, ಪೀಸ್ ಎಣಿಸಿ 18 ಅಂತ ಒತ್ತಿದ ತಕ್ಷಣ ಸ್ಕ್ರೀನ್ ಮೇಲೆ ಕೆಂಪು ಗೆರೆ ಬಂದು, 20 ಹೋಗಿತ್ತು, 2 ಕಮ್ಮಿ, ಇಂಥವರ ಮನೆ ಅಂತ ತೋರಿಸ್ತದೆ. ಇದನ್ನ ಅರ್ಥ ಮಾಡ್ಕೊಳ್ಳೋಕೆ ಬೆಂಗಳೂರಿನ ಮನುಷ್ಯನಿಗೆ ಮೂರು ವಿಷಯ ಗೊತ್ತಿರ್ಬೇಕು. ಬಳ್ಳಾರಿಲಿ ಕಟಿಂಗ್ ಒಂದು ಕಡೆ ಆಗಿ ಹೊಲಿಗೆ ಜಾಬ್ ವರ್ಕ್ ಮೇಲೆ ಮನೆಗಳಿಗೆ ಹೋಗ್ತದೆ ಅನ್ನೋದು ಒಂದು. ಲೆಕ್ಕ ನೋಟ್‌ಬುಕ್‌ನಲ್ಲಿ ಇರ್ತದೆ ಅನ್ನೋದು ಎರಡು. ಬಂಡಲ್ ಹೋಗುವಾಗ್ಲೇ 20 ಅಂತ ದಾಖಲಾಗೈತೆ ಅನ್ನೋದು ಮೂರು. ಕೌಲ್ ಬಜಾರ್‌ನಲ್ಲಿ ಬೆಳೆದೋರಿಗೆ ಮೊದಲನೇದು ಹೇಳೋ ಮಾತೇ ಅಲ್ಲ, ಆದ್ರೆ ದೊಡ್ಡ ಫ್ಯಾಕ್ಟರಿ ಲೈನ್ ಮಾತ್ರ ನೋಡಿದೋರಿಗೆ ಪ್ಯಾಂಟು ಯಾಕೆ ಮನೆ ಮನೆ ತಿರುಗ್ತದೆ ಅಂತಾನೇ ಗೊತ್ತಿರಲ್ಲ, ಅದು ಗೊತ್ತಾಗ್ದೆ ಹೋದ್ರೆ ಕೆಂಪು ಗೆರೆ ನೋಡಿ ಸುಮ್ನೆ ತಲೆ ಆಡಿಸ್ತಾರೆ ಅಷ್ಟೇ.

ಈಗ ಬರೆಯೋ ರೀತಿ. ಪ್ರಬಂಧದ ತರ ಉದ್ದಕ್ಕೆ ಬರೀಬ್ಯಾಡ್ರಿ. ಪೇಜ್ ಮಧ್ಯ ಒಂದು ಗೆರೆ ಎಳ್ದು ಎಡಕ್ಕೆ ಚಿತ್ರ, ಬಲಕ್ಕೆ ಧ್ವನಿ, ಪಕ್ಕದಲ್ಲಿ ಸೆಕೆಂಡು. ವಿಡಿಯೋ ಮಾಡೋರು ಬಹಳ ವರ್ಷದಿಂದ ಇದೇ ಎರಡು ಕಾಲಂ ರೀತಿ ಬಳಸ್ತಾರೆ. ಹಿಂಗೆ ಬರೆದ್ರೆ ಎರಡು ರೋಗ ಅಲ್ಲೇ ಕಾಣ್ತಾವೆ. ಬಲಗಡೆ ತುಂಬಿ ಎಡಗಡೆ ಖಾಲಿ ಇದ್ರೆ ನೀವು ಬರೀ ಭಾಷಣ ಮಾಡ್ತಿದೀರಿ ಅಂತ ಅರ್ಥ, ಅದು ಸ್ಲೈಡಿಗೆ ಹೋಗ್ಬೇಕು. ಎರಡೂ ಕಡೆ ಒಂದೇ ಮಾತು ಇದ್ರೆ, ಚಿತ್ರದಲ್ಲಿ ಬಟನ್ ಒತ್ತೋದು, ಧ್ವನಿಲೂ "ಈಗ ಬಟನ್ ಒತ್ತುತ್ತೇವೆ", ಧ್ವನಿ ತೆಗೆದ್ರೂ ನಡೀತದೆ. ಕಣ್ಣಿಗೆ ಕಾಣೋದನ್ನ ಬಾಯಲ್ಲಿ ಹೇಳಬ್ಯಾಡ್ರಿ, ಕಾಣದೇ ಇರೋ ಕಾರಣ ಇದ್ರೆ ಅದನ್ನ ಮಾತ್ರ ಹೇಳ್ರಿ.

ನಿಮ್ಮ ಲೆಕ್ಕಾನೇ ಇಟ್ಕೊಂಡು ನಾನು ಬರೆದಿದ್ದು ಕೆಳಗೈತೆ. ಒಂದು ಲಾಟ್, 240 ಪೀಸ್. 20 ಪೀಸಿಗೆ ಒಂದು ಬಂಡಲ್, ಅಂದ್ರೆ 12 ಬಂಡಲ್. ನಾಲ್ಕು ಮನೆ, ಮನೆಗೆ ಮೂರು ಬಂಡಲ್, 60 ಪೀಸ್. ನಮ್ಮ ಕಥೆ ನಡೆಯೋದು ಮೂರನೇ ಮನೇಲಿ, 7, 8, 9ನೇ ಬಂಡಲ್.

0:00 – 0:14
ಚಿತ್ರ: ಯೂನಿಟ್ ಒಳಗೆ ಟೇಬಲ್ ಮೇಲೆ ಹೊಲ್ದು ಬಂದ ಪ್ಯಾಂಟಿನ ರಾಶಿ. ಓನರ್ ಕೈ ನೋಟ್‌ಬುಕ್ ಪುಟ ಹಿಂದೆ ಮುಂದೆ ತಿರುವ್ತದೆ, ಒಂದು ಸಾಲಿನ ಮೇಲೆ ಬೆರಳು ನಿಲ್ತದೆ.
ಧ್ವನಿ, ಓನರ್: "240 ಪೀಸ್ ಕೊಟ್ಟಿದ್ದೆ, 238 ಬಂದೈತೆ. ನಾಲ್ಕು ಮನೆಗೆ ಹೋಗಿತ್ತು. ಯಾರ ಮನೇಲಿ ಉಳೀತು ಅಂತ ಯಾರ್ನ ಕೇಳ್ಲಿ?"

0:14 – 0:24
ಚಿತ್ರ: ಗಾಡಿ ಮೇಲೆ ಬಂಡಲ್ ಇಟ್ಕೊಂಡು ಹುಡುಗ ಓಣಿ ಒಳಗೆ ಹೋಗ್ತಾನೆ, ಒಂದು ಮನೆ ಬಾಗಿಲಲ್ಲಿ ಇಳಿಸ್ತಾನೆ. ಒಳಗೆ ಹೊಲಿಗೆ ಮಷಿನ್.
ಧ್ವನಿ, ನಿಮ್ದು: "ಇಲ್ಲಿ ಕಟಿಂಗ್ ಒಂದು ಕಡೆ, ಹೊಲಿಗೆ ಮನೆ ಮನೇಲಿ. ನಡುವೆ ಲೆಕ್ಕ ಇಡೋದು ಈ ನೋಟ್‌ಬುಕ್ ಒಂದೇ."

0:24 – 0:44
ಚಿತ್ರ: ಕಟಿಂಗ್ ಮಾಸ್ಟರ್ 20 ಪೀಸ್ ಕಟ್ಟಿ ಟ್ಯಾಗ್ ಹಾಕ್ತಾನೆ. ಫೋನ್ ಹಿಡಿದು ಸ್ಕ್ಯಾನ್. ಸ್ಕ್ರೀನ್ ದೊಡ್ಡದಾಗಿ: ಬಂಡಲ್ 9, ಸೈಜ್ 32, 20 ಪೀಸ್. ಟೈಲರ್ ಹೆಸರು ಆರಿಸ್ತಾನೆ.
ಧ್ವನಿ, ನಿಮ್ದು: "ಪ್ರತಿ ಬಂಡಲ್‌ಗೆ ಒಂದು ಟ್ಯಾಗ್. ಕಳಿಸುವಾಗ ಸ್ಕ್ಯಾನ್ ಮಾಡಿ ಯಾರ ಮನೆಗೆ ಅಂತ ಆರಿಸಿದ್ರೆ ಆಯ್ತು. ಈ ಮನೆಗೆ ಮೂರು ಬಂಡಲ್, 60 ಪೀಸ್."

0:44 – 1:00
ಚಿತ್ರ: ಟೈಲರ್ ಮನೆ. ಫೋನ್‌ಗೆ ಮೆಸೇಜ್ ಬರ್ತದೆ: 3 ಬಂಡಲ್, 60 ಪೀಸ್. ಆಕೆ ನೋಡಿ ಫೋನ್ ಪಕ್ಕಕ್ಕಿಟ್ಟು ಮಷಿನ್ ಓಡಿಸ್ತಾಳೆ.
ಧ್ವನಿ, ಟೈಲರ್: "ಮುಂಚೆ ಅವ್ರು ಹೇಳಿದ್ದೇ ಲೆಕ್ಕ. ಈಗ ನನ್ನ ಫೋನಲ್ಲೂ ಅದೇ ಲೆಕ್ಕ ಇರ್ತದೆ."

1:00 – 1:24, ಕಟ್ ಇಲ್ಲದೆ ಒಂದೇ ಶಾಟ್
ಚಿತ್ರ: ಯೂನಿಟ್ ಟೇಬಲ್. 7, 8 ಎಣಿಸಿ ಮುಗಿದಾವೆ, ಫೋನಲ್ಲಿ ಎರಡೂ ಹಸಿರು. 9ನೇ ಬಂಡಲ್ ಸ್ಕ್ಯಾನ್. ಕೈ ಪೀಸ್ ಎಣಿಸ್ತದೆ. 18 ಅಂತ ಒತ್ತುತ್ತದೆ. ಕೆಂಪು ಗೆರೆ.
ಧ್ವನಿ, ನಿಮ್ದು: "ವಾಪಸ್ ಬಂದಾಗ ಮತ್ತೆ ಸ್ಕ್ಯಾನ್, ಕೈಯಿಂದ ಎಣಿಕೆ." ಎಣಿಸುವಷ್ಟು ಹೊತ್ತು ಮಾತಿಲ್ಲ. ಕೆಂಪು ಬಂದ ಮೇಲೆ: "ಒಂಬತ್ತನೇ ಬಂಡಲ್. ಎರಡು ಕಮ್ಮಿ."

1:24 – 1:40
ಚಿತ್ರ: ಓನರ್ ಫೋನ್ ಮಾಡ್ತಾನೆ. ಟೈಲರ್ ಮನೇಲಿ ಮಷಿನ್ ಪಕ್ಕ ಇಟ್ಟ ಎರಡು ಪ್ಯಾಂಟ್, ಝಿಪ್ ಕೆಟ್ಟಿದ್ದು. ಆಪ್‌ನಲ್ಲಿ "ರಿಪೇರಿ 2". ಲಾಟ್ ಸ್ಕ್ರೀನ್: ಬಂದಿದ್ದು 238, ರಿಪೇರಿ 2, ಒಟ್ಟು 240.
ಧ್ವನಿ, ನಿಮ್ದು: "ಝಿಪ್ ಕೆಟ್ಟಿದ್ದಕ್ಕೆ ಎರಡು ಪೀಸ್ ಅಲ್ಲೇ ಉಳಿದಿದ್ವು. ಗೊತ್ತಾಗಿದ್ದು ಬಂಡಲ್ ಬಂದ ಗಳಿಗೇಲಿ, ಬಟವಾಡೆ ದಿನ ಅಲ್ಲ."

1:40 – 1:52
ಚಿತ್ರ: ನಿಜವಾಗಿ ಬಳಸ್ತಿರೋ ಯೂನಿಟ್‌ಗಳ ಒಂದೊಂದು ಶಾಟ್, ಕೆಳಗೆ ನಿಮ್ಮ ನಿಜವಾದ ಅಂಕಿ.
ಧ್ವನಿ, ನಿಮ್ದು: "ಇವತ್ತಿಗೆ ಬಳ್ಳಾರಿಯ ಇಷ್ಟು ಯೂನಿಟ್‌ನಲ್ಲಿ ಇಷ್ಟು ಬಂಡಲ್ ಹಿಂಗೇ ಓಡಾಡ್ತಿದಾವೆ."

1:52 – 2:00
ಚಿತ್ರ: ಆಪ್ ಹೆಸರು, ಕೆಳಗೆ ಒಂದೇ ಸಾಲು, ಏನು ಮಾಡ್ತದೆ ಅಂತ. ಧ್ವನಿ ಇಲ್ಲ.

ಲೆಕ್ಕ ಹಾಕಿ ನೋಡ್ರಿ, ಸರಿಯಾಗಿ 120 ಸೆಕೆಂಡು. ಮಾತು ಮಾತ್ರ ನೂರು ಪದವೂ ಇಲ್ಲ. ನೀವು ಕಳ್ಸಿದ್ದರಲ್ಲಿ 310 ಪದ ಇದ್ವು. ನೀವು ಎಲ್ಲೋ ನೋಡಿದ ನಿಮಿಷಕ್ಕೆ 150 ಪದ ಅನ್ನೋ ಲೆಕ್ಕ ಇಂಗ್ಲಿಷಿಗೆ ಹೇಳೋದು, ಅದನ್ನ ಕನ್ನಡಕ್ಕೆ ಹಾಕಬ್ಯಾಡ್ರಿ. ನಮ್ಮ ಪದಗಳು ಪ್ರತ್ಯಯ ಅಂಟಿಸ್ಕೊಂಡು ಉದ್ದ ಆಗ್ತಾವೆ, ಆರಾಮಾಗಿ ಹೇಳಿದ್ರೆ ನಿಮಿಷಕ್ಕೆ ಅಷ್ಟು ಪದ ಹೋಗಲ್ಲ, ಅದ್ರಲ್ಲೂ ಡೆಮೊಲಿ ಮಾತು ನಿಲ್ಲಿಸಿ ನೋಡೋಕೆ ಬಿಡೋ ಜಾಗ ಬೇಕು. ಎಷ್ಟು ಪದ ಅನ್ನೋದಕ್ಕಿಂತ ಫೋನ್‌ನಲ್ಲಿ ಸ್ಟಾಪ್‌ವಾಚ್ ಹಾಕಿ ಗಟ್ಟಿಯಾಗಿ ಓದೋದು ಒಳ್ಳೇದು. ಮನಸ್ಸಲ್ಲೇ ಓದಿದ್ರೆ ಯಾವಾಗ್ಲೂ ಕಮ್ಮಿ ಟೈಮ್ ತೋರಿಸ್ತದೆ. ಒಂದು ಸಾಲಿನ ಮಾತು ಅದರ ಸೆಕೆಂಡಿನೊಳಗೆ ಹಿಡಿಸ್ಲಿಲ್ಲ ಅಂದ್ರೆ ಫಾಸ್ಟಾಗಿ ಓದಬ್ಯಾಡ್ರಿ, ಪದ ಕಡೀರಿ.

1:00ರಿಂದ 1:24ರ ಶಾಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಇಡೀ ವಿಡಿಯೋ ನಿಂತಿರೋದೇ ಅದ್ರ ಮೇಲೆ. ನಿಮ್ಮ ಸ್ಕ್ರಿಪ್ಟ್‌ನಲ್ಲಿ "ಸ್ಕ್ಯಾನ್ ಮಾಡಿದ ಕೂಡ್ಲೇ ಕಮ್ಮಿ ಪೀಸ್ ಪತ್ತೆ" ಅಂತ ಐತೆ. ಅದು ಆಗಲ್ಲ ಅಲ್ರಿ. ಟ್ಯಾಗ್ ಇರೋದು ಬಂಡಲ್‌ಗೆ, ಪೀಸ್‌ಗಲ್ಲ. ಸ್ಕ್ಯಾನ್ ಮಾಡಿದ್ರೆ 9ನೇ ಬಂಡಲ್ ಬಂತು ಅಂತ ಗೊತ್ತಾಗ್ತದೆ, ಒಳಗೆ 18 ಐತೋ 20 ಐತೋ ಆ ಟ್ಯಾಗ್‌ಗೆ ಏನು ಗೊತ್ತು? ಯಾರೋ ಒಬ್ರು ಕೈಯಿಂದ ಎಣಿಸ್ಲೇಬೇಕು. ವಿಡಿಯೋದಲ್ಲಿ ಎಣಿಸೋದನ್ನ ಕಟ್ ಮಾಡಿ ಸ್ಕ್ಯಾನ್ ಆದ ಕೂಡ್ಲೇ ಕೆಂಪು ಗೆರೆ ತೋರಿಸಿದ್ರೆ ಚುರುಕಾಗಿ ಕಾಣ್ತದೆ ನಿಜ, ಆದ್ರೆ ಎದುರಿಗೆ ಕೂತೋರಲ್ಲಿ ಒಬ್ರಾದ್ರೂ ಫ್ಯಾಕ್ಟರಿ ನೋಡಿದೋರು ಇದ್ರೆ ವಿಡಿಯೋ ಮುಗಿದ ಮೇಲೆ ಬರೋ ಮೊದಲ ಪ್ರಶ್ನೆ "ಎಣಿಸಿದ್ದು ಯಾರು" ಅಂತಾನೇ, ಅಲ್ಲಿಗೆ ಅವರು ನೋಡಿದ ಮಿಕ್ಕಿದ್ದರ ಮೇಲೂ ಅನುಮಾನ ಶುರು. ಬದಲಿಗೆ ಎಣಿಸೋ ಕೈ ತೋರಿಸ್ರಿ. ಎಣಿಕೆ ಮುಂಚೇನೂ ಇತ್ತು, ಈಗ್ಲೂ ಐತೆ, ಬದಲಾಗಿದ್ದು ಎಣಿಸಿದ ಸಂಖ್ಯೆಯನ್ನ ಆ ಮನೆಯ, ಆ ಬಂಡಲ್‌ನ ಲೆಕ್ಕದ ಜೊತೆ ಅಲ್ಲೇ ತಾಳೆ ನೋಡೋದು. ನೋಟ್‌ಬುಕ್‌ನಲ್ಲಿ ಆಗ್ತಿರ್ಲಿಲ್ಲ ಅಂದ್ರೆ ಅದೇ ಆಗ್ತಿರ್ಲಿಲ್ಲ.

ಮಾತು ನಿಲ್ಲಿಸಿ ಎಣಿಸೋದನ್ನ ಹಂಗೇ ಬಿಟ್ರೆ ನೋಡೋರೂ ಮನಸ್ಸಲ್ಲಿ ಎಣಿಸೋಕೆ ಶುರು ಮಾಡ್ತಾರೆ, 18ಕ್ಕೆ ಕೈ ನಿಂತಾಗ ಅವರಿಗೇ ಗೊತ್ತಾಗ್ತದೆ ಏನೋ ಕಮ್ಮಿ ಐತೆ ಅಂತ, ಆಮೇಲೆ ಬರೋ ಕೆಂಪು ಗೆರೆ ಅವರ ಲೆಕ್ಕಾನೇ ಹೌದು ಅಂದಂಗೆ. 24 ಸೆಕೆಂಡಲ್ಲಿ ಇದು ಹಿಡಿಸುತ್ತಾ ಅಂತ ಕೇಳ್ತೀರಿ. ಅಂಚು ಹಿಡಿದು ಎರಡೆರಡು ಪೀಸ್ ಎಣಿಸಿದ್ರೆ ಒಂಬತ್ತು ಸಲ ಕೈ ಆಡಿಸಿದ್ರೆ ಮುಗೀತು, ಆರಾಮಾಗಿ ಹಿಡಿಸ್ತದೆ, ಅದಕ್ಕೇ ಮೊದಲ ಎರಡು ಬಂಡಲ್ ಎಣಿಸೋದನ್ನ ತೋರಿಸದೆ ಹಸಿರು ಗುರುತಲ್ಲೇ ಮುಗಿಸಿದ್ದು. ಈ ಶಾಟ್‌ನಲ್ಲಿ ಕಟ್ ಬ್ಯಾಡ ಅಂದಿದ್ದಕ್ಕೂ ಅದೇ ಕಾರಣ. ಬೇರೆ ಕಡೆ ಟೈಮ್ ಹಾರಿಸಿದ್ರೆ, ಉದಾಹರಣೆಗೆ ಬೆಳಿಗ್ಗೆ ಕಳಿಸಿದ್ದು ಎರಡು ದಿನ ಬಿಟ್ಟು ವಾಪಸ್ ಬಂದಿದ್ದು, ಮೂಲೇಲಿ "ಎರಡು ದಿನದ ನಂತರ" ಅಂತ ಹಾಕ್ರಿ, ಯಾರೂ ತಪ್ಪು ತಿಳ್ಕೊಳ್ಳಲ್ಲ.

ಇನ್ನೊಂದು ಸಾಲು ಹೊಡೆದು ಹಾಕೀನಿ, "ಕಟಿಂಗ್‌ನಿಂದ ಶೋರೂಂವರೆಗೂ ಪ್ರತಿ ಪೀಸ್ ಟ್ರ್ಯಾಕ್". ಹೊಲಿಗೆ ಮುಗಿದ ಮೇಲೆ ಬಂಡಲ್ ಬಿಚ್ತಾರೆ, ಮುಂಡರಗಿ ಕಡೆ ವಾಷಿಂಗ್‌ಗೆ ಹೋಗೋ ಮಾಲಲ್ಲಿ ನಿಮ್ಮ ಪೇಪರ್ ಟ್ಯಾಗ್ ಇರಲ್ಲ, ಇದ್ರೂ ನೀರಲ್ಲಿ ಉಳಿಯಲ್ಲ. ಅಂದ್ಮೇಲೆ ನಿಮ್ಮ ಆಪ್‌ನ ಕೆಲಸ ವಾಷಿಂಗ್ ಗೇಟಿಗೆ ಮುಗೀತು. ಅದ್ರಲ್ಲಿ ನಾಚ್ಕೆ ಪಡೋದೇನಿಲ್ಲ. ಮುಂದೆ ಏನು ಮಾಡ್ತೀರಿ ಅನ್ನೋದು ಸ್ಲೈಡಲ್ಲಿ ಹೇಳೋ ಮಾತು. ವಿಡಿಯೋದಲ್ಲಿ ಇವತ್ತು ಓಡೋದು ಮಾತ್ರ ಇರ್ಲಿ. ಇನ್ನೂ ಕೋಡ್ ಆಗದ ಸ್ಕ್ರೀನನ್ನ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಬಿಡಿಸಿ ಓಡ್ತಿರೋ ಆಪ್ ತರ ತೋರಿಸೋ ಆಸೆ ಬರ್ತದೆ, ಬರೆಯೋ ಹೊತ್ತಲ್ಲೇ ತಡೀರಿ. ದುಡ್ಡು ಹಾಕೋರು ಒಪ್ಪಿದ ಮೇಲೂ ಡ್ಯೂ ಡಿಲಿಜೆನ್ಸ್ ಅಂತ ಒಂದು ತಪಾಸಣೆ ಐತೆ, ಆಪ್ ಕೈಗೆ ತಗೊಂಡು ನೋಡ್ತಾರೆ, ಬಳಸೋ ಯೂನಿಟ್‌ಗೆ ಫೋನ್ ಮಾಡ್ತಾರೆ, ವಿಡಿಯೋದಲ್ಲಿದ್ದ ಸ್ಕ್ರೀನ್ ಆಪ್‌ನಲ್ಲಿ ಇಲ್ಲ ಅಂದ್ರೆ ಕಥೆ ಅಲ್ಲಿಗೇ ಮುಗೀತು. ತೋರಿಸ್ಲೇಬೇಕು ಅಂದ್ರೆ ಸ್ಕ್ರೀನ್ ಮೇಲೆ "ಇದು ಡಿಸೈನ್ ಮಾತ್ರ" ಅಂತ ಬರೀರಿ. ಹಂಗೇ ಈ 240 ಪೀಸಿನ ಲಾಟ್ ನೀವು ಶೂಟಿಂಗ್‌ಗೆ ಅಂತ ಮಾಡಿದ್ದಾದ್ರೆ ಕೆಳಗೆ ಸಣ್ಣಗೆ "ಮಾದರಿ ಲಾಟ್" ಅಂತ ಇರ್ಲಿ. ನೋಟ್‌ಬುಕ್ ಕಡೆ, ಆಪ್ ಕಡೆ ಎರಡೂ ಕಡೆ ಒಂದೇ ಲೆಕ್ಕ ನಾನು ಬೇಕಂತಲೇ ಇಟ್ಟಿದ್ದು, ಹೋಲಿಸಿ ನೋಡೋಕೆ ಸುಲಭ ಆಗ್ಲಿ ಅಂತ.

1:40ರ ಅಂಕಿ ಜಾಗ ನಾನು ಖಾಲಿ ಬಿಟ್ಟೀನಿ, ಅದು ನಿಮ್ಮ ಕೈಲೇ ಇರೋದು. ಎರಡೇ ಯೂನಿಟ್ ಇದ್ರೆ ಎರಡೇ ಅಂತ ಹಾಕ್ರಿ. "ಸಾಕಷ್ಟು ಯೂನಿಟ್‌ಗಳು" ಅಂದ್ರೆ ಕೇಳೋರು ತಮ್ಮಷ್ಟಕ್ಕೆ ಸೊನ್ನೆ ಅಂತ ಬರ್ಕೊಂತಾರೆ. "ನಷ್ಟ ಶೇಕಡಾ 40 ಕಮ್ಮಿ" ಅಂತ ಬರ್ದೀರಲ್ಲ, ಆಪ್ ಬರೋಕೆ ಮುಂಚೆ ನಷ್ಟ ಎಷ್ಟಿತ್ತು ಅಂತ ಯಾರಾದ್ರೂ ಬರೆದಿಟ್ಟಿದ್ರಾ? ನೋಟ್‌ಬುಕ್‌ನಲ್ಲಿ ಅದೇ ಸರಿಯಾಗಿ ಇಲ್ಲ ಅನ್ನೋದೇ ನಿಮ್ಮ ತಕರಾರು ಅಲ್ವಾ. ಮೊದಲಿನ ಲೆಕ್ಕ ಇಲ್ದೆ ಕಮ್ಮಿ ಆಯ್ತು ಅನ್ನೋಕೆ ಬರಲ್ಲ. ಎಷ್ಟು ಬಂಡಲ್ ಹೋಗಿ ಬಂದ್ವು, ಎಷ್ಟರಲ್ಲಿ ವ್ಯತ್ಯಾಸ ಸಿಕ್ತು, ಅದ್ರಲ್ಲಿ ಎಷ್ಟು ಬಗೆಹರೀತು, ಇದು ನಿಮ್ಮ ಸರ್ವರ್‌ನಲ್ಲೇ ಐತೆ, ಅದ್ರಲ್ಲಿ ಒಂದು ಅಂಕಿ ಸಾಕು.

ಭಾಷೆ ಬಗ್ಗೆ ಕೇಳಿದ್ರಿ, ಪೂರ್ತಿ ಇಂಗ್ಲಿಷ್ ಮಾಡ್ಬೇಕಾ ಅಂತ. ಓನರ್, ಟೈಲರ್ ಇಬ್ರೂ ಮನೇಲಿ ಆಡೋ ಭಾಷೇಲೇ ಮಾತಾಡ್ಲಿ. ಬಳ್ಳಾರಿ ಅಂದ್ಮೇಲೆ ಟೈಲರ್ ಅಮ್ಮ ತೆಲುಗಲ್ಲೋ ಉರ್ದುಲೋ ಮಾತಾಡಬಹುದು, ಅದನ್ನ ಕನ್ನಡಕ್ಕೆ ಡಬ್ ಮಾಡೋಕೆ ಹೋಗಬ್ಯಾಡ್ರಿ. ಆಕೆಗೆ ಲೈನ್ ಬರೆದು ಕೊಟ್ಟು ಬಾಯಿಪಾಠ ಮಾಡ್ಸೋದೂ ಬ್ಯಾಡ, ನಾನು ಮೇಲೆ ಬರೆದಿದ್ದು ಏನು ಬೇಕು ಅನ್ನೋದಕ್ಕೆ ಗುರುತು ಅಷ್ಟೇ. "ಮುಂಚೆ ಲೆಕ್ಕ ತಪ್ಪಿದ್ರೆ ಏನಾಗ್ತಿತ್ತಮ್ಮ" ಅಂತ ಕೇಳಿ ಬಿಡ್ರಿ, ಆಕೆ ಹೇಳಿದ್ದರಲ್ಲಿ ಆರು ಸೆಕೆಂಡಿನದ್ದು ತಗೊಳ್ರಿ. ಬಹಳ ಸಲ ನೀವು ಬರೆದಿದ್ದಕ್ಕಿಂತ ಅದೇ ಚೆನ್ನಾಗಿರ್ತದೆ. ಆಕೆ ಮಾತು ಯಾಕೆ ಬೇಕೇ ಬೇಕು ಅಂದ್ರೆ, ಆಪ್ ಓನರ್ ಪರ ಮಾತ್ರ, ಟೈಲರ್‌ನ ಕಳ್ಳಿ ಮಾಡೋಕೆ ಇಟ್ಟಿದ್ದು ಅನ್ನೋ ಹಂಗೆ ಕಂಡ್ರೆ ನಾಳೆ ಯಾವ ಮನೆಯೋರೂ ಇದನ್ನ ಒಪ್ಪಲ್ಲ, ಆ ಪ್ರಶ್ನೆ ಇನ್ವೆಸ್ಟರ್‌ಗೂ ಹೊಳೀತದೆ. ಅದಕ್ಕೇ ಆ ಎರಡು ಪೀಸ್ ಕಳುವಾಗಿದ್ದಲ್ಲ, ಝಿಪ್ ಕೆಟ್ಟು ಉಳಿದಿದ್ದು ಅಂತ ಬರೆದೀನಿ. ನಿಮ್ಮ ಧ್ವನಿ ಕನ್ನಡದಲ್ಲೋ ಇಂಗ್ಲಿಷಲ್ಲೋ ನಿಮಗೆ ಯಾವುದರಲ್ಲಿ ತಡವರಿಸಲ್ವೋ ಅದ್ರಲ್ಲಿ ಇರ್ಲಿ, ಕೆಳಗೆ ಪೂರ್ತಿ ಇಂಗ್ಲಿಷ್ ಸಬ್‌ಟೈಟಲ್ ಹಾಕ್ರಿ, ಎರಡು ಸಾಲು ದಾಟಬಾರದು. ಸಬ್‌ಟೈಟಲ್ ವಿಡಿಯೋ ಒಳಗೇ ಅಚ್ಚಾಗಿರ್ಲಿ, ಬೇರೆ ಫೈಲ್ ಆಗಿದ್ರೆ ಅವರ ಲ್ಯಾಪ್‌ಟಾಪ್‌ನಲ್ಲಿ ಬರದೇ ಹೋಗಬಹುದು. ಮೀಟಿಂಗ್ ರೂಂಗಳಲ್ಲಿ ಸೌಂಡ್ ಕೈ ಕೊಡೋದು ಮಾಮೂಲು, ಹಂಗಾದ್ರೂ ವಿಡಿಯೋ ಅರ್ಥ ಆಗ್ಬೇಕು.

ಶೂಟಿಂಗ್ ನೀವೇ ಫೋನಲ್ಲಿ ಮಾಡ್ತೀನಿ ಅಂದಿದ್ದಕ್ಕೆ ಸ್ಕ್ರಿಪ್ಟ್‌ನಲ್ಲೇ ಬರ್ಕೊಳ್ಳೋ ಒಂದೆರಡು ವಿಷಯ. ಆಪ್ ಫೋನ್‌ನಲ್ಲಿ ಉದ್ದಕ್ಕೆ ಇರ್ತದೆ, ಪ್ರೊಜೆಕ್ಟರ್ ಅಡ್ಡಕ್ಕೆ. ಸ್ಕ್ರೀನ್ ರೆಕಾರ್ಡಿಂಗ್ ಹಂಗೇ ಮಧ್ಯಕ್ಕಿಟ್ರೆ ಎರಡೂ ಕಡೆ ಕಪ್ಪು ಪಟ್ಟಿ ಬಂದು ಅಕ್ಷರ ಇರುವೆ ತರ ಕಾಣ್ತದೆ, ಹಿಂದಿನ ಸಾಲಲ್ಲಿ ಕೂತೋರಿಗೆ 18 ಯಾವುದು 20 ಯಾವುದು ಗೊತ್ತಾಗಲ್ಲ. ಅದಕ್ಕೇ ಎಡಗಡೆ ಕಾಲಂನಲ್ಲಿ ಬರೀ "ಸ್ಕ್ರೀನ್ ತೋರಿಸು" ಅಂತ ಬರೆಯದೆ, ಸ್ಕ್ರೀನಿನ ಯಾವ ಭಾಗ, ಯಾವ ಅಂಕಿ ದೊಡ್ಡದಾಗಿ ಕಾಣ್ಬೇಕು ಅಂತ ಬರೀರಿ, ಒಂದು ಸಲಕ್ಕೆ ಒಂದೇ ಅಂಕಿ. ಆಂಡ್ರಾಯ್ಡ್‌ನ ಡೆವಲಪರ್ ಸೆಟ್ಟಿಂಗ್‌ನಲ್ಲಿ `Show taps` ಆನ್ ಮಾಡಿದ್ರೆ ಬೆರಳು ಎಲ್ಲಿ ಒತ್ತಿತು ಅಂತ ಚುಕ್ಕೆ ಕಾಣ್ತದೆ, ಸ್ಕ್ರೀನ್ ರೆಕಾರ್ಡ್ ಮಾಡುವಾಗ ಅದು ಬೇಕು. ನೋಟಿಫಿಕೇಶನ್ ಬಂದ್ ಮಾಡ್ರಿ, ಕೆಂಪು ಗೆರೆ ಬರೋ ಹೊತ್ತಿಗೆ ಯಾರದೋ ಪೇಮೆಂಟ್ ಮೆಸೇಜ್ ಇಳೀಬಾರದು. ಮಷಿನ್ ಓಡೋ ಕಡೆ ಮಾತು ರೆಕಾರ್ಡ್ ಮಾಡಬ್ಯಾಡ್ರಿ, ಮಷಿನ್ ಸದ್ದು ಬೇರೆ, ಮಾತು ಬೇರೆ ತಗೊಂಡು ಆಮೇಲೆ ಕೂಡಿಸ್ರಿ. ಬಳ್ಳಾರಿ ಬಿಸಿಲಿಗೆ ಫ್ಯಾನ್ ಆಫ್ ಮಾಡ್ರಿ ಅಂದ್ರೆ ಎಲ್ರೂ ಬೈತಾರೆ, ಎರಡು ನಿಮಿಷ ಬೈಸ್ಕೊಳ್ರಿ, ಮೈಕ್ ಒಳಗೆ ಫ್ಯಾನ್ ಗಾಳಿ ಹೋದ್ರೆ ಆಮೇಲೆ ತೆಗೆಯೋದು ಕಷ್ಟ. ಟೈಲರ್‌ಗಳ ನಿಜವಾದ ಹೆಸರು, ಫೋನ್ ನಂಬರ್ ಆಪ್ ಸ್ಕ್ರೀನ್ ಮೇಲೆ ಇರ್ತಾವೆ, ಡೆಮೊಗೆ ಬೇರೆ ಹೆಸರಿನ ಅಕೌಂಟ್ ಮಾಡ್ಕೊಳ್ರಿ. ಮುಖ ತೋರ್ಸೋರ ಹತ್ರ ಇದು ಎಲ್ಲಿ ಹಾಕ್ತೀವಿ ಅಂತ ಹೇಳಿ ಒಪ್ಪಿಗೆ ಬರೆಸ್ಕೊಳ್ರಿ.

ಎಲ್ಲಾ ಸ್ಕ್ರೀನಲ್ಲೂ ಅಂಕಿ ತಾಳೆ ಆಗ್ಬೇಕು. ಇದು ಸಣ್ಣದು ಅನ್ಸುತ್ತೆ, ಆದ್ರೆ ಲೆಕ್ಕದ ಆಪ್ ವಿಡಿಯೋದಲ್ಲೇ ಲೆಕ್ಕ ತಪ್ಪಿದ್ರೆ ಅದಕ್ಕಿಂತ ನಗೆಪಾಟಲು ಇನ್ನೊಂದಿಲ್ಲ. ನಿಮ್ಮ ಈಗಿನ ಸ್ಕ್ರೀನ್‌ಶಾಟ್ ನೋಡ್ರಿ, ಒಂದರಲ್ಲಿ ಲಾಟ್ 240, ಇನ್ನೊಂದರಲ್ಲಿ ಅದೇ ಲಾಟ್ 250, ಬಂಡಲ್ 12. ಟೆಸ್ಟಿಂಗ್‌ಗೆ ಹಾಕಿದ ಹಳೇ ಡೇಟಾ ಇರ್ಬೇಕು. ಶೂಟಿಂಗ್‌ಗೂ ಮುಂಚೆ ಖಾಲಿ ಅಕೌಂಟ್‌ನಲ್ಲಿ ಈ ಒಂದೇ ಲಾಟ್ ಹಾಕಿ, ಕಳಿಸೋದರಿಂದ ಮುಗಿಯೋವರೆಗೂ ಒಂದು ಸಲ ಓಡಿಸ್ರಿ. ಮನೆ ಒಳಗೆ ನೆಟ್‌ವರ್ಕ್ ಇಲ್ದಿದ್ರೂ ಆಪ್ ಓಡ್ತದೆ ಅಂತ ಬರ್ದೀರಿ, ಅದು ನಿಜವಾದ್ರೆ ಅದಕ್ಕೆ ಅಂತ ಒಂದು ವಾಕ್ಯಾನೂ ಬ್ಯಾಡ, ಮನೆಯಿಂದ ಬಂಡಲ್ ಎತ್ಕೊಳ್ಳೋ ಹುಡುಗ ಸ್ಕ್ಯಾನ್ ಮಾಡುವಾಗ ಫೋನ್ ಮೇಲೆ ಏರೋಪ್ಲೇನ್ ಗುರುತು ಕಾಣೋ ಹಂಗೆ ಒಂದು ಶಾಟ್ ತಗೊಳ್ರಿ, ಗಮನಿಸೋರು ಗಮನಿಸ್ತಾರೆ.

ಸ್ಕ್ರಿಪ್ಟ್ ಸರಿ ಐತಾ ಅಂತ ತಿಳಿಯೋಕೆ ಶೂಟಿಂಗ್‌ವರೆಗೂ ಕಾಯಬ್ಯಾಡ್ರಿ. ಫೋನಲ್ಲಿ ತೆಗೆದ ಸುಮ್ಮನೆ ಫೋಟೋಗಳನ್ನ ಸಾಲಾಗಿ ಇಟ್ಟು, ಮೇಲೆ ನಿಮ್ಮ ಧ್ವನಿ ಹಾಕಿ ಒಂದು ಕಚ್ಚಾ ವಿಡಿಯೋ ಮಾಡ್ರಿ. ಜೀನ್ಸ್ ವ್ಯಾಪಾರ ಗೊತ್ತಿಲ್ಲದ ಒಬ್ರಿಗೆ, ಬ್ಯಾಂಕಲ್ಲಿ ಕೆಲಸ ಮಾಡೋ ಅಕ್ಕನೋ ಕಾಲೇಜು ಓದೋ ತಮ್ಮನೋ, ಒಂದೇ ಸಲ ತೋರಿಸ್ರಿ. "ಹೆಂಗೈತೆ" ಅಂತ ಕೇಳಬ್ಯಾಡ್ರಿ, ಚೆನ್ನಾಗೈತೆ ಅಂತಾರೆ, ಅದ್ರಿಂದ ಏನೂ ಗೊತ್ತಾಗಲ್ಲ. "ಎರಡು ಪೀಸ್ ಎಲ್ಲಿದ್ವು, ಅದು ಹೆಂಗೆ ಗೊತ್ತಾಯ್ತು" ಅಂತ ಕೇಳ್ರಿ. ಮನೇಲಿದ್ವು, ಎಣಿಸಿ ಹಾಕಿದಾಗ ಆ ಬಂಡಲ್ ಕೆಂಪಾಯ್ತು ಅಂದ್ರೆ ಪಾಸು. "ಮನೆ? ಯಾವ ಮನೆ?" ಅಂದ್ರೆ 0:14ರ ಸಾಲು ಕೆಲಸ ಮಾಡಿಲ್ಲ. "ಆಪ್ ತಾನೇ ಎಣಿಸ್ತಲ್ವಾ" ಅಂದ್ರೆ 1:00ರ ಸಾಲಲ್ಲಿ ಕೈ ಸರಿಯಾಗಿ ಕಾಣ್ತಿಲ್ಲ. ಯಾವ ಸಾಲು ಕೆಟ್ಟೈತೋ ಅಷ್ಟೇ ರಿಪೇರಿ ಮಾಡ್ರಿ, ಇಡೀದನ್ನ ಬಿಚ್ಚಬ್ಯಾಡ್ರಿ. ಆಮೇಲೆ ಇನ್ನೊಬ್ರಿಗೆ ಸೌಂಡ್ ಬಂದ್ ಮಾಡಿ ತೋರಿಸಿ ಇದೇ ಪ್ರಶ್ನೆ ಕೇಳ್ರಿ.

ಕೊನೇದು, ಅಲ್ಲಿ ಹೆಂಗೆ ಓಡಿಸೋದು ಅಂತ. ನಿಮಗೆ ಕೊಟ್ಟಿರೋ ಟೈಮ್ ಎಂಟೇ ನಿಮಿಷ ಅಂದ್ರೆ ಈ ವಿಡಿಯೋ ಕಾಲು ಭಾಗ ತಿಂತದೆ, ಹಂಗಾಗಿ ವಿಡಿಯೋದಲ್ಲಿ ಬಂದಿದ್ದನ್ನ ಸ್ಲೈಡಲ್ಲಿ ಮತ್ತೆ ಹೇಳಬ್ಯಾಡ್ರಿ. ನನ್ನ ಕೇಳಿದ್ರೆ ಎರಡು ಕಾಪಿ ಮಾಡ್ಕೊಳ್ರಿ. ಮೇಲ್‌ನಲ್ಲಿ ಕಳಿಸೋಕೆ ನಿಮ್ಮ ಧ್ವನಿ ಇರೋದು ಒಂದು, ರೂಂನಲ್ಲಿ ಓಡಿಸೋಕೆ ನಿಮ್ಮ ಧ್ವನಿ ತೆಗೆದು ಓನರ್, ಟೈಲರ್ ಮಾತು ಮಾತ್ರ ಉಳಿಸಿದ್ದು ಒಂದು. ರೂಂನಲ್ಲಿ ನಿಮ್ಮ ಪಾಲಿನ ಮಾತು ನಿಂತು ನೀವೇ ಹೇಳ್ರಿ, ಎಣಿಸೋ ಶಾಟ್ ಬಂದಾಗ ನೀವೂ ಸುಮ್ನಾಗ್ರಿ. ಎಣಿಕೆ ಮುಗಿಯೋಕೆ ಮುಂಚೆ ಬಾಯಿ ಬಿಡಬಾರದು ಅನ್ನೋದನ್ನ ಪ್ರಾಕ್ಟೀಸ್ ಮಾಡ್ರಿ, ಹೆದ್ರಿಕೇಲಿ ಎಲ್ರೂ ಅಲ್ಲೇ ಮಾತಾಡಿ ಬಿಡ್ತಾರೆ. ಫೈಲ್ ಎಂಪಿ4, 1920×1080 ಇರ್ಲಿ, ಪ್ರೆಸೆಂಟೇಶನ್ ಒಳಗೇ ಸೇರಿಸ್ರಿ, ಯೂಟ್ಯೂಬ್ ಲಿಂಕ್ ನಂಬ್ಕೊಂಡು ಹೋಗಬ್ಯಾಡ್ರಿ, ಅವರ ವೈಫೈ ಪಾಸ್‌ವರ್ಡ್ ಕೇಳೋದ್ರಲ್ಲೇ ಅರ್ಧ ನಿಮಿಷ ಹೋಗ್ತದೆ. ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಕಾಪಿ. ಜೊತೆಗೆ ಟ್ಯಾಗ್ ಕಟ್ಟಿದ ಒಂದು ಬಂಡಲ್ ಮತ್ತೆ ಆಪ್ ಇರೋ ಫೋನ್ ಬ್ಯಾಗಲ್ಲಿ ಇಟ್ಕೊಂಡು ಹೋಗ್ರಿ, "ಇದನ್ನ ನಾನೇ ಸ್ಕ್ಯಾನ್ ಮಾಡಿ ನೋಡ್ಲಾ" ಅಂತ ಯಾರಾದ್ರೂ ಕೇಳಿದ್ರೆ ಮೇಜಿನ ಮೇಲೆ ಇಟ್ಟು ಕೊಡೋಕೆ.